ಹದಿನೆಂಟನೇ ಬಿಟ್

ಪ್ರಶ್ನೆ: 2006ರ ಗೇಟ್ ಕಂಪ್ಯೂಟರ್ ಸೈನ್ಸ್ ಪತ್ರಿಕೆ ಬಿಡಿಸ್ತಿದ್ದೆ ಸರ್. ಸಿ1ನ ವಿಳಾಸ 203.197.2.53, ಮಾಸ್ಕ್ 255.255.128.0. ಸಿ2ನ ವಿಳಾಸ 203.197.75.201, ಮಾಸ್ಕ್ 255.255.192.0. ಸಿ1ಗೆ ಸಿ2 ತನ್ನ ನೆಟ್‌ವರ್ಕ್‌ನಲ್ಲೇ ಇದೆ ಅನ್ಸುತ್ತೆ, ಸಿ2ಗೆ ಮಾತ್ರ ಸಿ1 ಬೇರೆ ನೆಟ್‌ವರ್ಕ್ ಅನ್ಸುತ್ತೆ ಅಂತ ಉತ್ತರ ಕೊಟ್ಟಿದ್ದಾರೆ. ಒಬ್ರಿಗೆ ಹತ್ರ, ಇನ್ನೊಬ್ರಿಗೆ ದೂರ ಆಗೋದು ಹೇಗೆ? ಇವೆರಡರ ಮಧ್ಯೆ ಪಿಂಗ್ ಹೋಗುತ್ತಾ? ಪ್ಯಾಕೆಟ್ ಯಾವ ಲೇಯರ್‌ಗೆ ಎಷ್ಟು ಸಲ ಹೋಗುತ್ತೆ ಅಂತ ಕೇಳಿದ್ರೆ ಏನು ಬರೀಬೇಕು?

ಉತ್ತರ: ನಿಮ್ಮ ಗೊಂದಲ ಲೆಕ್ಕದಲ್ಲಿಲ್ಲ. "ಒಂದೇ ನೆಟ್‌ವರ್ಕ್‌ನಲ್ಲಿವೆ" ಎನ್ನುವುದನ್ನು ನೀವು ಎರಡು ಯಂತ್ರಗಳ ನಡುವಿನ ಸಂಬಂಧ ಅಂದುಕೊಂಡಿದ್ದೀರಿ. ಅಣ್ಣ ತಮ್ಮ ಇದ್ದ ಹಾಗೆ, ಒಬ್ಬನಿಗೆ ನಿಜವಾದರೆ ಇನ್ನೊಬ್ಬನಿಗೂ ನಿಜ ಎಂದು. ಆದರೆ ಅದು ಪ್ರತಿ ಯಂತ್ರವೂ ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುವ ಒಂದು ಊಹೆ ಮಾತ್ರ. ಐಪಿ ಪ್ಯಾಕೆಟ್‌ನ ಹೆಡರ್ ಬಿಚ್ಚಿ ನೋಡಿ: ಕಳಿಸಿದವರ ವಿಳಾಸ ಇದೆ, ತಲುಪಬೇಕಾದವರ ವಿಳಾಸ ಇದೆ, ಟಿಟಿಎಲ್ ಇದೆ. ಮಾಸ್ಕ್‌ಗೆ ಜಾಗವೇ ಇಲ್ಲ. ಎಆರ್‌ಪಿ ಸಂದೇಶದಲ್ಲೂ ಇಲ್ಲ. ಹಾಗಾಗಿ ಸಿ2ನ ಮಾಸ್ಕ್ ಏನು ಎಂದು ಸಿ1ಗೆ ತಿಳಿಯುವ ದಾರಿಯೇ ಇಲ್ಲ. ಅದು ತನ್ನ ಮಾಸ್ಕನ್ನೇ ತನ್ನ ವಿಳಾಸದ ಮೇಲೂ ಇಡುತ್ತದೆ, ಸಿ2ನ ವಿಳಾಸದ ಮೇಲೂ ಇಡುತ್ತದೆ. ಎರಡೂ ಕಡೆ ಬಂದ ಉತ್ತರ ಒಂದೇ ಆದರೆ ಹತ್ತಿರ, ಇಲ್ಲದಿದ್ದರೆ ದೂರ. ಸಿ2 ಕೂಡ ಹೀಗೆಯೇ ಮಾಡುತ್ತದೆ, ಆದರೆ ಅದರ ಕೈಯಲ್ಲಿರುವ ಅಳತೆಗೋಲು ಬೇರೆ.

ಈಗ ಲೆಕ್ಕ. ಮೊದಲೆರಡು ಆಕ್ಟೆಟ್ 203.197 ಎರಡಕ್ಕೂ ಒಂದೇ, ಕೊನೆಯದನ್ನು ಎರಡೂ ಮಾಸ್ಕ್‌ಗಳು ಸೊನ್ನೆ ಮಾಡಿಬಿಡುತ್ತವೆ. ಉಳಿದದ್ದು ಮೂರನೆಯ ಆಕ್ಟೆಟ್ ಮಾತ್ರ:

```
  2 = 0 0 0 0 0 0 1 0
 75 = 0 1 0 0 1 0 1 1
128 = 1 0 0 0 0 0 0 0   (/17)
192 = 1 1 0 0 0 0 0 0   (/18)
```

ಸಿ1 ತನ್ನ 128ನ್ನು ಇಟ್ಟು ನೋಡಿದಾಗ 2ರಿಂದಲೂ 0, 75ರಿಂದಲೂ 0 ಬರುತ್ತದೆ. ಎರಡೂ 203.197.0.0 ಎಂಬ ನೆಟ್‌ವರ್ಕ್, ಅಂದರೆ ಹತ್ತಿರ. ಸಿ2 ತನ್ನ 192ನ್ನು ಇಟ್ಟಾಗ ತನ್ನ 75ರಿಂದ 64 ಬರುತ್ತದೆ, ಸಿ1ನ 2ರಿಂದ 0 ಬರುತ್ತದೆ. ತನ್ನದು 203.197.64.0, ಅವನದು 203.197.0.0. ದೂರ.

ಪರೀಕ್ಷಾ ಕೊಠಡಿಯಲ್ಲಿ ಇಷ್ಟನ್ನೂ ಬರೆಯುವ ಅಗತ್ಯವಿಲ್ಲ. /17 ಮತ್ತು /18ರ ನಡುವಿನ ವ್ಯತ್ಯಾಸ ಒಂದೇ ಬಿಟ್, ಎಡದಿಂದ ಎಣಿಸಿದರೆ ಹದಿನೆಂಟನೆಯದು. ಮೊದಲ ಹದಿನೇಳು ಬಿಟ್ ಎರಡೂ ವಿಳಾಸಗಳಲ್ಲಿ ಒಂದೇ ಎಂದು ಖಚಿತವಾದ ಮೇಲೆ ಆ ಒಂದು ಬಿಟ್ಟನ್ನು ನೋಡಿದರೆ ಸಾಕು. 2ರಲ್ಲಿ ಅದು 0, 75ರಲ್ಲಿ ಅದು 1. ಅಲ್ಲೇ ಜಗಳ. ಸಿ2ನ ಮೂರನೆಯ ಆಕ್ಟೆಟ್ 75ರ ಬದಲು 40 ಆಗಿದ್ದಿದ್ದರೆ ಆ ಬಿಟ್ ಅಲ್ಲೂ 0 ಇರುತ್ತಿತ್ತು. ಆಗ ಮಾಸ್ಕ್‌ಗಳು ಬೇರೆ ಬೇರೆಯಾಗಿದ್ದರೂ ಇಬ್ಬರೂ ಪರಸ್ಪರ ಹತ್ತಿರವೇ ಎಂದುಕೊಳ್ಳುತ್ತಿದ್ದರು. ಮಾಸ್ಕ್ ಬೇರೆ ಎಂದ ಕೂಡಲೇ "ನೆಟ್‌ವರ್ಕ್ ಬೇರೆ" ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ ಜನ. ಮಾಸ್ಕ್‌ನಲ್ಲಿ ಹೆಚ್ಚಾದ ಬಿಟ್ ವಿಳಾಸಗಳಲ್ಲಿ ಬೇರೆಯಾಗಿದೆಯೇ ಎನ್ನುವುದೇ ಪ್ರಶ್ನೆ.

ಇದರಲ್ಲೇ ಇನ್ನೊಂದು ಉಪಾಯವಿದೆ. ನಿಮ್ಮ ಪ್ರಶ್ನೆಯ ಆಯ್ಕೆಗಳಲ್ಲಿ "ಸಿ2ಗೆ ಸಿ1 ಹತ್ತಿರ ಅನ್ನಿಸುತ್ತದೆ, ಸಿ1ಗೆ ಸಿ2 ದೂರ ಅನ್ನಿಸುತ್ತದೆ" ಎಂಬುದೂ ಇತ್ತು. ಅದನ್ನು ಒಂದು ಸಂಖ್ಯೆಯನ್ನೂ ಮುಟ್ಟದೆ ಹೊಡೆದುಹಾಕಬಹುದು. ಸಿ2 ಹದಿನೆಂಟು ಬಿಟ್ ಹೋಲಿಸಿ "ಒಂದೇ" ಎಂದರೆ, ಅದರೊಳಗೆ ಮೊದಲ ಹದಿನೇಳು ಬಿಟ್ ಕೂಡ ಒಂದೇ ಎಂದಾಯಿತು. ಹದಿನೇಳನ್ನು ಮಾತ್ರ ಹೋಲಿಸುವ ಸಿ1 ಆಗ ಬೇರೆ ಮಾತಾಡಲು ಸಾಧ್ಯವಿಲ್ಲ. ಜಗಳ ಬಂದರೆ ಅದು ಯಾವಾಗಲೂ ಒಂದೇ ದಿಕ್ಕಿನಲ್ಲಿ: ಚಿಕ್ಕ ಮಾಸ್ಕ್‌ನವನು ಹತ್ತಿರ ಎನ್ನುತ್ತಾನೆ, ಉದ್ದ ಮಾಸ್ಕ್‌ನವನು ದೂರ ಎನ್ನುತ್ತಾನೆ.

ಒಂದು ಚಿಕ್ಕ ಎಚ್ಚರಿಕೆ. 203 ಕಂಡ ಕೂಡಲೇ "ಕ್ಲಾಸ್ ಸಿ, 24 ಬಿಟ್" ಎಂದು ಶುರುಮಾಡಬೇಡಿ. ಕ್ಲಾಸ್‌ಗಳ ಪದ್ಧತಿಯನ್ನು ಬದಿಗಿಟ್ಟು ಸಿಐಡಿಆರ್ ಬಂದದ್ದು 1993ರಲ್ಲಿ. ಪ್ರಶ್ನೆಯಲ್ಲಿ ಮಾಸ್ಕ್ ಕೊಟ್ಟಿದ್ದರೆ ಮಾಸ್ಕ್‌ನದ್ದೇ ಮಾತು.

ಇನ್ನು ಪಿಂಗ್ ವಿಚಾರಕ್ಕೆ ಬರೋಣ. ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತದೆ, ನಿಜವಾದ ಸ್ವಾರಸ್ಯ ಇರುವುದು ಇಲ್ಲಿಂದ ಮುಂದೆ. ಸಿ1, ಸಿ2 ಎರಡನ್ನೂ ಒಂದೇ ಸ್ವಿಚ್‌ಗೆ ಚುಚ್ಚಿದ್ದೇವೆ ಅಂದುಕೊಳ್ಳಿ. ಅದೇ ಸ್ವಿಚ್‌ಗೆ ಒಂದು ರೂಟರ್ ಕೂಡ ಸೇರಿದೆ, ಸಿ2 ಅದನ್ನು ಗೇಟ್‌ವೇ ಎಂದು ಬರೆದುಕೊಂಡಿದೆ.

ಸಿ1ನಿಂದ ಪಿಂಗ್ ಹೊಡೆಯುತ್ತೀರಿ. ಸಿ1ನ ನೆಟ್‌ವರ್ಕ್ ಲೇಯರ್ ಮೊದಲು ರೂಟಿಂಗ್ ಟೇಬಲ್ ನೋಡಿ "ಹತ್ತಿರ" ಎಂದು ತೀರ್ಮಾನಿಸುತ್ತದೆ. ಹತ್ತಿರದವನಾದ್ದರಿಂದ ನೇರವಾಗಿ ಅವನ ಮ್ಯಾಕ್ ವಿಳಾಸವೇ ಬೇಕು. ಎಆರ್‌ಪಿ ಮೂಲಕ "203.197.75.201 ಯಾರು?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆ ಕೂಗು ಬ್ರಾಡ್‌ಕಾಸ್ಟ್ ಫ್ರೇಮ್ ಆದ್ದರಿಂದ ಸ್ವಿಚ್ ಅದನ್ನು ಎಲ್ಲ ಪೋರ್ಟ್‌ಗೂ ಹಂಚುತ್ತದೆ, ಸಿ2ಗೂ ಕೇಳಿಸುತ್ತದೆ. 1982ರ ಎಆರ್‌ಪಿ ನಿಯಮದ ಪ್ರಕಾರ ಕೇಳಿದ ವಿಳಾಸ ತನ್ನದೇ ಎಂದಾದರೆ ಉತ್ತರಿಸಬೇಕು, ಅಷ್ಟೆ. ಕೇಳಿದವನು ನನ್ನ ಸಬ್‌ನೆಟ್‌ನವನೇ ಎಂದು ವಿಚಾರಿಸು ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಸಿ2 ಉತ್ತರಿಸುತ್ತದೆ. ಅಷ್ಟೇ ಅಲ್ಲ, ಕೇಳಿದವನ ಮ್ಯಾಕ್ ವಿಳಾಸವನ್ನು ತನ್ನ ಎಆರ್‌ಪಿ ಟೇಬಲ್‌ನಲ್ಲೂ ಬರೆದಿಟ್ಟುಕೊಳ್ಳುತ್ತದೆ. ಪಿಂಗ್ ಪ್ಯಾಕೆಟ್ ರೂಟರನ್ನು ಮುಟ್ಟದೆ ನೇರವಾಗಿ ಸಿ2ಗೆ ತಲುಪುತ್ತದೆ.

ಈಗ ಸಿ2 ಉತ್ತರ ಕಳಿಸಬೇಕು. ಸಿ1ನ ಮ್ಯಾಕ್ ವಿಳಾಸ ಎದುರಿಗೇ ಇದೆ, ಹಾಕಿ ಕಳಿಸಿದರಾಯಿತಲ್ಲ ಎಂದು ನಮಗೆ ಅನ್ನಿಸುತ್ತದೆ. ಆದರೆ ಸಿ2 ಆ ಟೇಬಲ್‌ನಲ್ಲಿ ಸಿ1ನ ಹೆಸರನ್ನು ಹುಡುಕುವುದೇ ಇಲ್ಲ. ಯಾರ ಮ್ಯಾಕ್ ವಿಳಾಸ ಬೇಕು ಎಂದು ತೀರ್ಮಾನಿಸುವುದು ಮೂರನೆಯ ಪದರ. ಅದು ತೀರ್ಮಾನಿಸಿದ ಮೇಲೆಯೇ ಎರಡನೆಯ ಪದರಕ್ಕೆ ಕೆಲಸ. ಸಿ2ನ ಮೂರನೆಯ ಪದರ ಹದಿನೆಂಟನೇ ಬಿಟ್ ನೋಡಿ "ದೂರದವನು, ಗೇಟ್‌ವೇಗೆ ಕೊಡು" ಎಂದುಬಿಟ್ಟಿದೆ. ಹಾಗಾಗಿ ಫ್ರೇಮ್‌ನ ಮೇಲೆ ರೂಟರ್‌ನ ಮ್ಯಾಕ್ ವಿಳಾಸ ಬೀಳುತ್ತದೆ. ಪಕ್ಕದ ಮನೆಯವನ ವಿಳಾಸ ಗೊತ್ತಿದ್ದೂ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿದ ಹಾಗೆ.

ರೂಟರ್‌ಗೆ ಸಿ1 ಇರುವ ಜಾಗಕ್ಕೆ ದಾರಿ ಗೊತ್ತಿದ್ದರೆ ಅದು ಬಂದ ಬಾಗಿಲಿನಿಂದಲೇ ಪ್ಯಾಕೆಟ್ಟನ್ನು ಹೊರಗೆ ಹಾಕುತ್ತದೆ, ಸಿ1ಗೆ ಉತ್ತರ ಸಿಗುತ್ತದೆ. ಪಿಂಗ್ ಕೆಲಸ ಮಾಡಿತು! ಅದಕ್ಕೇ ಈ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಆದರೆ ಗುರುತು ಬಿಟ್ಟೇ ಹೋಗುತ್ತದೆ. ಸಿ2 ಲಿನಕ್ಸ್ ಯಂತ್ರವಾದರೆ ಟಿಟಿಎಲ್ 64ರಿಂದ ಶುರುವಾಗುತ್ತದೆ. ಒಂದೇ ಸ್ವಿಚ್‌ನಲ್ಲಿರುವವನಿಂದ ಬರುವ ಉತ್ತರದಲ್ಲಿ `ttl=64` ಇರಬೇಕಿತ್ತು, ಇಲ್ಲಿ `ttl=63` ಕಾಣುತ್ತದೆ. ಆ ಒಂದು ಅಂಕಿ ಕಳೆದದ್ದು ರೂಟರ್. ಸಿ1ನಲ್ಲಿ `tcpdump -e` ಹಾಕಿ ನೋಡಿದರೆ ಇನ್ನೂ ಸ್ಪಷ್ಟ: ಹೋಗುವ ಫ್ರೇಮ್ ಸಿ2ನ ಮ್ಯಾಕ್ ವಿಳಾಸಕ್ಕೆ ಹೋಗುತ್ತದೆ, ಬರುವ ಫ್ರೇಮ್ ರೂಟರ್‌ನ ಮ್ಯಾಕ್ ವಿಳಾಸದಿಂದ ಬರುತ್ತದೆ. ಕೆಲವೊಮ್ಮೆ ರೂಟರ್ ಸಿ2ಗೆ "ಅವನು ಇಲ್ಲೇ ಇದ್ದಾನಲ್ಲ, ನೇರವಾಗಿ ಕೊಡು" ಎಂದು ಐಸಿಎಂಪಿ ರೀಡೈರೆಕ್ಟ್ ಕಳಿಸುತ್ತದೆ. ಸಿ2 ಅದನ್ನು ಒಪ್ಪಿಕೊಂಡರೆ ಮೊದಲ ಉತ್ತರ 63ರಲ್ಲಿ ಬಂದು ಆಮೇಲಿನವು 64ಕ್ಕೆ ಏರಬಹುದು. ಇಂಥದ್ದನ್ನು ಕಂಡಾಗ ಕೇಬಲ್ ಬದಲಿಸಲು ಓಡಬೇಡಿ, ಎರಡೂ ಕಡೆಯ ಮಾಸ್ಕ್ ನೋಡಿ.

ಗೇಟ್‌ವೇ ಜಾಗದಲ್ಲಿ ಸ್ಟೇಟ್‌ಫುಲ್ ಫೈರ್‌ವಾಲ್ ಇದ್ದರೆ ಕಥೆ ಕೆಡುತ್ತದೆ. ಟಿಸಿಪಿ ಸಂಪರ್ಕದ ಮೊದಲ SYN ಸಿ1ನಿಂದ ಸಿ2ಗೆ ನೇರವಾಗಿ ಹೋಯಿತು, ಫೈರ್‌ವಾಲ್ ಅದನ್ನು ಕಂಡೇ ಇಲ್ಲ. ಅದರ ಕಣ್ಣಿಗೆ ಮೊದಲು ಬೀಳುವುದು ಸಿ2ನ SYN-ACK. ಯಾರೂ ಕೇಳದ ಪ್ರಶ್ನೆಗೆ ಉತ್ತರ ಬಂದಂತೆ ಅದನ್ನು ಬಿಸಾಡುತ್ತದೆ.

ಸಿ2ನಲ್ಲಿ ಗೇಟ್‌ವೇ ಬರೆದೇ ಇಲ್ಲದಿದ್ದರೆ? ಆಗ ಒಂದೇ ತಪ್ಪಿಗೆ ಎರಡು ತುದಿಯಲ್ಲಿ ಎರಡು ಬಗೆಯ ದೂರು ಬರುತ್ತದೆ. ಸಿ2ನಿಂದ ಪಿಂಗ್ ಹೊಡೆದರೆ ಆ ಕ್ಷಣವೇ `Network is unreachable` ಎನ್ನುತ್ತದೆ, ತಂತಿಯ ಮೇಲೆ ಒಂದು ಫ್ರೇಮ್ ಕೂಡ ಹೋಗುವುದಿಲ್ಲ. ಸಿ1ನಿಂದ ಹೊಡೆದರೆ ಏನೂ ಬಾರದೆ ಕಾಯುತ್ತಾ ಕೂರುತ್ತದೆ. ಪ್ಯಾಕೆಟ್ ತಲುಪಿದೆ, ಉತ್ತರಕ್ಕೆ ದಾರಿ ಇಲ್ಲ. (ಕಳಿಸಿದವನಿಗೆ ಮರಳುವ ದಾರಿ ಇದೆಯೇ ಎಂದು ಪರೀಕ್ಷಿಸುವ rp_filter ಸಿ2ನಲ್ಲಿ ಬಿಗಿಯಾಗಿದ್ದರೆ ಅದು ಎಆರ್‌ಪಿ ಕೂಗಿಗೂ ಓಗೊಡದೆ ಇರಬಹುದು, ಆಗ ಸಿ1ನಲ್ಲಿ `Destination Host Unreachable` ಕಾಣುತ್ತದೆ.)

ನನ್ನ ಮಾತು ನಂಬಬೇಕಾಗಿಲ್ಲ, ಒಂದು ಲಿನಕ್ಸ್ ಯಂತ್ರ ಇದ್ದರೆ ನೀವೇ ಮಾಡಿ ನೋಡಿ. 203.197 ಸಾರ್ವಜನಿಕ ವಿಳಾಸ, ಅದಕ್ಕೆ 10.197 ಹಾಕಿದ್ದೇನೆ. ಮೂರನೆಯ ಆಕ್ಟೆಟ್ ಅದೇ ಆದ್ದರಿಂದ ಲೆಕ್ಕ ಬದಲಾಗುವುದಿಲ್ಲ. ರೂಟ್ ಆಗಿ ಓಡಿಸಿ:

```
ip netns add c1
ip netns add c2
ip link add v1 netns c1 type veth peer name v2 netns c2
ip -n c1 addr add 10.197.2.53/17 dev v1
ip -n c2 addr add 10.197.75.201/18 dev v2
ip -n c1 link set v1 up
ip -n c2 link set v2 up
ip -n c1 route get 10.197.75.201
ip -n c2 route get 10.197.2.53
```

ಕೊನೆಯ ಎರಡು ಸಾಲುಗಳೇ ಗೇಟ್ ಪ್ರಶ್ನೆ. ಸಿ1ನ ಉತ್ತರದಲ್ಲಿ `dev v1` ಮಾತ್ರ ಇರುತ್ತದೆ, `via` ಇರುವುದಿಲ್ಲ. ನೇರ ದಾರಿ ಎಂದರ್ಥ. ಸಿ2 `Network is unreachable` ಎನ್ನುತ್ತದೆ. ಈಗ ಸಿ2ಗೆ ಒಂದು ಗೇಟ್‌ವೇ ಕೊಟ್ಟು ಮತ್ತೆ ಕೇಳಿ:

```
ip -n c2 route add default via 10.197.64.1
ip -n c2 route get 10.197.2.53
```

ಈಗ `via 10.197.64.1` ಬರುತ್ತದೆ. ಆ ವಿಳಾಸದಲ್ಲಿ ಯಾರೂ ಇಲ್ಲ, ಆದರೂ ತೀರ್ಮಾನ ಆಗಿಹೋಯಿತು. ಆಮೇಲೆ ಸಿ2ನ /18 ವಿಳಾಸವನ್ನು ಅಳಿಸಿ ಅದನ್ನೇ /17 ಎಂದು ಹಾಕಿ ಅದೇ ಪ್ರಶ್ನೆ ಕೇಳಿದರೆ `via` ಮಾಯವಾಗುತ್ತದೆ.

ಈಗ ನಿಮ್ಮ ಮೂರನೆಯ ಪ್ರಶ್ನೆ, ಲೇಯರ್ ಎಣಿಕೆ. ಇದಕ್ಕೂ ಗೇಟ್‌ನಲ್ಲೇ ಮಾದರಿ ಇದೆ. 2013ರಲ್ಲಿ ಮೂಲ ಮತ್ತು ಗುರಿಯ ನಡುವೆ ಎರಡು ರೂಟರ್ ಇಟ್ಟು, ಒಂದು ಪ್ಯಾಕೆಟ್ ನೆಟ್‌ವರ್ಕ್ ಲೇಯರ್‌ಗೆ ಮತ್ತು ಡೇಟಾ ಲಿಂಕ್ ಲೇಯರ್‌ಗೆ ಎಷ್ಟು ಸಲ ಭೇಟಿ ಕೊಡುತ್ತದೆ ಎಂದು ಕೇಳಿದ್ದರು. ಉತ್ತರ 4 ಮತ್ತು 6. ಎರಡು ತುದಿಗಳಲ್ಲಿ ತಲಾ ಒಂದು, ಎರಡು ರೂಟರ್‌ಗಳಲ್ಲಿ ತಲಾ ಒಂದು, ಒಟ್ಟು ನಾಲ್ಕು ಸಲ ನೆಟ್‌ವರ್ಕ್ ಲೇಯರ್. ಡೇಟಾ ಲಿಂಕ್ ಲೇಯರ್ ಮಾತ್ರ ರೂಟರ್‌ನಲ್ಲಿ ಎರಡೆರಡು ಸಲ: ಬಂದ ಫ್ರೇಮ್ ಬಿಚ್ಚುವಾಗ ಒಮ್ಮೆ, ಹೊಸ ಫ್ರೇಮ್ ಕಟ್ಟುವಾಗ ಇನ್ನೊಮ್ಮೆ. ತುದಿಗಳ ಎರಡನ್ನು ಸೇರಿಸಿದರೆ ಆರು. ರೂಟರ್‌ಗಳ ಸಂಖ್ಯೆ n ಆದರೆ ನೆಟ್‌ವರ್ಕ್ ಲೇಯರ್ n + 2, ಡೇಟಾ ಲಿಂಕ್ ಲೇಯರ್ 2n + 2.

ಸೂತ್ರ ಸುಲಭ. n ಎಷ್ಟು ಎಂದು ಚಿತ್ರ ನೋಡಿ ಹೇಳಿಬಿಡುವುದೇ ತಪ್ಪು. ನಮ್ಮ ಜೋಡಿಯನ್ನೇ ತೆಗೆದುಕೊಳ್ಳಿ. ಇಬ್ಬರಿಗೂ /17 ಇದ್ದರೆ ರೂಟರ್ ಸ್ವಿಚ್‌ಗೆ ಅಂಟಿಕೊಂಡೇ ಇದ್ದರೂ ಪ್ಯಾಕೆಟ್ ಅದರ ಹತ್ತಿರ ಸುಳಿಯುವುದಿಲ್ಲ. n ಸೊನ್ನೆ, ಉತ್ತರ 2 ಮತ್ತು 2. ಇಬ್ಬರಿಗೂ /18 ಇದ್ದು ನಡುವೆ ಒಂದು ರೂಟರ್ ಇದ್ದರೆ n ಒಂದು, ಉತ್ತರ 3 ಮತ್ತು 4. ನಿಮ್ಮ ಪ್ರಶ್ನೆಯಲ್ಲಿರುವಂತೆ ಒಬ್ಬನಿಗೆ /17, ಇನ್ನೊಬ್ಬನಿಗೆ /18 ಆದರೆ ಹೋಗುವಾಗ 2 ಮತ್ತು 2, ಬರುವಾಗ 3 ಮತ್ತು 4. ಕೇಬಲ್ ಅದೇ, ಸ್ವಿಚ್ ಅದೇ, ವಿಳಾಸ ಅದೇ. ಹಾಗಾಗಿ ಲೇಯರ್ ಎಣಿಸುವ ಮುಂಚೆ ಪ್ರಶ್ನೆಯಲ್ಲಿ ಮಾಸ್ಕ್ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿದ್ದರೆ ಕಳಿಸುವವನ ಮಾಸ್ಕ್ ಹಾಕಿ ಹತ್ತಿರವೋ ದೂರವೋ ತೀರ್ಮಾನಿಸಿ, ಆಮೇಲೆ ಎಣಿಸಿ. ನಡುವೆ ಎಷ್ಟು ಸ್ವಿಚ್ ಬಂದರೂ ನೆಟ್‌ವರ್ಕ್ ಲೇಯರ್ ಲೆಕ್ಕ ಬದಲಾಗುವುದಿಲ್ಲ, ಸಾಮಾನ್ಯ ಸ್ವಿಚ್ ಫ್ರೇಮ್ ದಾಟಿಸಲು ಐಪಿ ವಿಳಾಸದ ತನಕ ಓದುವುದೇ ಇಲ್ಲ.

ಇದೇ ಬಿಟ್ ಇನ್ನೊಂದು ಬಗೆಯ ಪ್ರಶ್ನೆಯಲ್ಲೂ ಕಾಲು ಜಾರಿಸುತ್ತದೆ. 203.197.63.255 ಎಂಬ ವಿಳಾಸವನ್ನು ಒಂದು ಯಂತ್ರಕ್ಕೆ ಕೊಡಬಹುದೇ? ಕೊನೆಯಲ್ಲಿ 255 ಕಂಡು ಬ್ರಾಡ್‌ಕಾಸ್ಟ್ ಎಂದು ತಳ್ಳಿಹಾಕುವವರೇ ಹೆಚ್ಚು. /18 ಆದರೆ ಅದು ಮೊದಲ ತುಂಡಿನ ಬ್ರಾಡ್‌ಕಾಸ್ಟ್ ಹೌದು. /17ರಲ್ಲಿ ಅದು ನಡುವಿನ ಒಂದು ಸಾಮಾನ್ಯ ವಿಳಾಸ, ಧಾರಾಳವಾಗಿ ಕೊಡಬಹುದು. ಪಕ್ಕದ 203.197.64.0 ಕೂಡ ಹಾಗೆಯೇ. ಇನ್ನು 203.197.127.255 ನೋಡಿ: ಅದು ಸಿ1ನ /17ಕ್ಕೂ ಬ್ರಾಡ್‌ಕಾಸ್ಟ್, ಸಿ2ನ /18ಕ್ಕೂ ಬ್ರಾಡ್‌ಕಾಸ್ಟ್. ಸಿ1 ಅದಕ್ಕೆ ಕಳಿಸಿದ ಕೂಗನ್ನು ಸಿ2 ತನ್ನದೆಂದೇ ಎತ್ತಿಕೊಳ್ಳುತ್ತದೆ. ಇಂಥ ಕಡೆ ಬ್ರಾಡ್‌ಕಾಸ್ಟ್ ನಂಬಿದ ಪ್ರೋಗ್ರಾಂ ಸಿ2ನ ಕಿವಿಯವರೆಗೆ ಸಲೀಸಾಗಿ ತಲುಪಿ, ಅದರ ನೇರ ಉತ್ತರ ಮಾತ್ರ ಎಲ್ಲೋ ಕಳೆದುಹೋಗುವುದುಂಟು.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಒಂದು ಕಚೇರಿಯ ಪ್ರಿಂಟರ್‌ನಿಂದ. ಅರ್ಧ ಜನರ ಕಂಪ್ಯೂಟರಿನಿಂದ ಪ್ರಿಂಟ್ ಬರುತ್ತಿತ್ತು, ಉಳಿದ ಅರ್ಧ ಜನರದ್ದು ಬರುತ್ತಿರಲಿಲ್ಲ. ಡ್ರೈವರ್ ಮತ್ತೆ ಹಾಕಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು, ಸ್ವಿಚ್‌ನ ಪೋರ್ಟನ್ನೂ ಬದಲಿಸಿದ್ದಾಯಿತು. ಎರಡನೆಯ ದಿನ ಬರುವವರ ಮತ್ತು ಬಾರದವರ ಐಪಿ ವಿಳಾಸಗಳನ್ನು ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆದೆ. ಬರುತ್ತಿದ್ದವರ ಕೊನೆಯ ಆಕ್ಟೆಟ್ ಎಲ್ಲವೂ 127ರ ಒಳಗೆ, ಬಾರದವರದ್ದು ಎಲ್ಲವೂ 128ರ ಮೇಲೆ. ಪ್ರಿಂಟರ್‌ನ ಚಿಕ್ಕ ಪರದೆಯಲ್ಲಿ ಮಾಸ್ಕ್ ತೆರೆದು ನೋಡಿದರೆ 255.255.255.0 ಇರಬೇಕಾದ ಕಡೆ ಯಾರೋ 255.255.255.128 ಒತ್ತಿದ್ದರು, ಗೇಟ್‌ವೇ ಖಾಲಿ ಬಿಟ್ಟಿದ್ದರು. 40ರಲ್ಲಿದ್ದ ಪ್ರಿಂಟರ್‌ಗೆ ಆಚೆ ಅರ್ಧದವರ ಸಂಪರ್ಕದ ಕೋರಿಕೆ ತಲುಪುತ್ತಿತ್ತು, ಅವರಿಗೆ ಮರುಮಾತು ಹೇಳಲು ಅದಕ್ಕೆ ದಾರಿ ಇರಲಿಲ್ಲ. ಆ 128ನ್ನು ಅಳಿಸಿ 0 ಒತ್ತಿದ ಅರ್ಧ ನಿಮಿಷಕ್ಕೆ ಎರಡು ದಿನದಿಂದ ಸರದಿಯಲ್ಲಿ ಕಾದಿದ್ದ ಹಾಳೆಗಳೆಲ್ಲ ಒಂದರ ಹಿಂದೆ ಒಂದು ಬೀಳತೊಡಗಿದವು.